ಊರಿಗೆ ಹೋಗುವ ರೈಲು ಮತ್ತು ಒಂಬತ್ತು ತಲೆಬರಹಗಳು

ಠಾಣೆ ಜಿಲ್ಲೆಯ ಕನ್ನಡಿಗರ ಮನೆಗಳಲ್ಲಿ ವರ್ಷವಿಡೀ ಸುತ್ತುವ ಒಂದು ವಿಷಯವಿದೆ: ಊರಿಗೆ ಯಾವ ರೈಲು, ಎಲ್ಲಿ ಹತ್ತುವುದು, ಟಿಕೆಟ್ ಸಿಗುತ್ತದೆಯೇ. ಡೊಂಬಿವಲಿಯಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರು ಸಿಕ್ಕರೆ ಎರಡನೇ ಮಾತಿಗೇ "ನೀನು ಠಾಣೆಗೆ ಹೋಗ್ತೀಯಾ, ಪನ್ವೇಲಿಗಾ ಮಾರಾಯ?" ಎಂದು ಕೇಳುತ್ತಾರೆ. ಕಲ್ಯಾಣದಲ್ಲಿರುವ ಕಲಬುರಗಿಯವರಿಗೆ ಆ ಪ್ರಶ್ನೆಯೇ ಇಲ್ಲ. ಅವರ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ಇಷ್ಟೆಲ್ಲ ತಿಳಿವಳಿಕೆ ನಮ್ಮವರ ಬಾಯಲ್ಲಿದೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದು ಹೋಗುತ್ತಿದೆ. ಕನ್ನಡದಲ್ಲಿ ಹುಡುಕಿದವನಿಗೆ ಸಿಗುವಂತೆ ಒಂದು ಕಡೆ ಕೂತಿಲ್ಲ.

ಇದನ್ನು ಒಂದು ಸಣ್ಣ ಜಾಲತಾಣದಲ್ಲಿ ಹೇಗೆ ಕೂರಿಸಬೇಕು ಎಂಬ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಬರೆಯಲು ಶುರು ಮಾಡುವ ಮೊದಲು ತಲೆಬರಹಗಳನ್ನು ಬರೆಯಬೇಕು, ಆ ತಲೆಬರಹಗಳು ಹತ್ತನ್ನು ದಾಟಬಾರದು.

ಮಾರ್ಕೆಟಿಂಗ್ ಜನ ಇದಕ್ಕೆ ಟಾಪಿಕ್ ಕ್ಲಸ್ಟರ್ ಎನ್ನುತ್ತಾರೆ. 2017ರ ಹೊತ್ತಿಗೆ ಹಬ್‌ಸ್ಪಾಟ್ ಎಂಬ ಅಮೆರಿಕದ ಕಂಪನಿ ಈ ಹೆಸರನ್ನು ಜನಪ್ರಿಯ ಮಾಡಿತು. ಒಂದು ವಿಶಾಲ ವಿಷಯಕ್ಕೆ ಒಂದು ಪಿಲ್ಲರ್ ಪೇಜ್, ಅದರ ಒಂದೊಂದು ಎಳೆಯನ್ನು ಬಿಡಿಸುವ ಪೂರಕ ಲೇಖನಗಳು, ಎರಡರ ನಡುವೆ ಹೋಗಿಬರುವ ಲಿಂಕುಗಳು. ಅಷ್ಟೇ ಸಂಗತಿ. ನಾನು ಪಿಲ್ಲರ್ ಪೇಜನ್ನು ಹೆಬ್ಬಾಗಿಲು ಎಂದೂ ಪೂರಕ ಲೇಖನಗಳನ್ನು ಒಳಪುಟಗಳು ಎಂದೂ ಕರೆಯುತ್ತೇನೆ. ಹೆಬ್ಬಾಗಿಲಲ್ಲಿ ನಿಂತವನಿಗೆ ಮನೆಯ ಅಂದಾಜು ಸಿಗಬೇಕು, ತನ್ನ ಕೋಣೆ ಯಾವ ಕಡೆ ಎಂದು ಗೊತ್ತಾಗಬೇಕು. ಇಡೀ ಸಂಸಾರವನ್ನು ಹೆಬ್ಬಾಗಿಲಿಗೆ ತಂದು ಸುರಿಯಬೇಕಿಲ್ಲ. ಐದು ಸಾವಿರ ಪದಗಳ ಪಿಲ್ಲರ್ ಪೇಜ್ ಬರೆಯಿರಿ ಎಂಬ ಸಲಹೆ ಅಂತರ್ಜಾಲದ ತುಂಬ ಇದೆ. ಇಷ್ಟು ಪದ ಇರಬೇಕೆಂಬ ನಿಯಮ ಗೂಗಲ್‌ಗೆ ಇಲ್ಲ, ಪಿಲ್ಲರ್ ಎಂದು ಗುರುತು ಹಾಕುವ ಟ್ಯಾಗೂ ಇಲ್ಲ. ಅದು ಓದುವವನಿಗಾಗಿ ಮಾಡಿಕೊಂಡ ವ್ಯವಸ್ಥೆ. ಹುಡುಕಾಟದಲ್ಲಿ ಸಿಗುವ ಲಾಭ ಅದರ ಹಿಂದೆಯೇ ಬರುತ್ತದೆ, ಬಂದರೆ.

ನಮ್ಮ ಕಡೆಯ ನಾಲ್ಕಾರು ಗೆಳೆಯರು ನಡೆಸುವ ಒಂದು ಪುಟ್ಟ ತಾಣವನ್ನು ಕಳೆದ ವರ್ಷ ನನ್ನ ಮುಂದೆ ಇಟ್ಟರು. ಕೂಟದ ವರದಿ, ಯಕ್ಷಗಾನದ ಫೋಟೊ, ಅಡುಗೆ, ಜತೆಗೆ ರೈಲಿನ ಬಗ್ಗೆ ಇಪ್ಪತ್ತಕ್ಕೂ ಹೆಚ್ಚು ಬರಹ. ರೈಲಿನ ಬರಹಗಳು ನಿಜಕ್ಕೂ ಚೆನ್ನಾಗಿದ್ದವು, ಬರೆದವರು ಇಪ್ಪತ್ತೈದು ವರ್ಷ ಓಡಾಡಿದವರು. ಆದರೆ "ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಾಹಿತಿ", "ಠಾಣೆಯಿಂದ ಉಡುಪಿಗೆ ರೈಲು", "ಮುಂಬಯಿ–ಉಡುಪಿ ರೈಲುಗಳು", "ಊರಿಗೆ ಹೋಗೋಣ ಬನ್ನಿ" ಎಂಬ ನಾಲ್ಕು ಪುಟಗಳು ಬೇರೆ ಬೇರೆ ವರ್ಷದಲ್ಲಿ ಒಂದೇ ಮಾತನ್ನು ಹೇಳುತ್ತಿದ್ದವು. ಕಲ್ಯಾಣದಿಂದ ವಿಜಯಪುರಕ್ಕೆ ಹೋಗುವವನಿಗೆ ಒಂದು ಸಾಲೂ ಇರಲಿಲ್ಲ. ರೈಲಿನ ಹೆಸರು ಹಿಡಿದು ಬರೆಯುತ್ತ ಹೋದರೆ ಹೀಗೇ ಆಗುತ್ತದೆ, ಬರೆದವನು ಹತ್ತಿದ ರೈಲು ಮಾತ್ರ ತಾಣದಲ್ಲಿ ಬರುತ್ತದೆ.

ಹಾಗಾದರೆ ವಿಷಯವನ್ನು ಎಲ್ಲಿ ಸೀಳಬೇಕು? ಇದೇ ಇಡೀ ಕೆಲಸದ ಕಷ್ಟದ ಭಾಗ, ಇಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬರುವುದಿಲ್ಲ, ರೈಲು ನಕ್ಷೆ ಬರುತ್ತದೆ. ನಮ್ಮ ಭಾಗದಿಂದ ಕರ್ನಾಟಕಕ್ಕೆ ಮೂರು ದಾರಿಗಳು. ಒಂದು, ಠಾಣೆಯಿಂದ ದಿವಾ, ಪನ್ವೇಲ್ ದಾಟಿ ರೋಹಾದಿಂದ ಮುಂದೆ ಕೊಂಕಣ ರೈಲ್ವೆಯಲ್ಲಿ ಕಾರವಾರ, ಉಡುಪಿ, ಮಂಗಳೂರು. 1998ರಲ್ಲಿ ಈ ಮಾರ್ಗ ಪೂರ್ತಿ ತೆರೆದ ಮೇಲೆ ಕರಾವಳಿಯವರ ಬದುಕೇ ಬದಲಾಯಿತು. ಎರಡು, ಕಲ್ಯಾಣದಿಂದ ಘಾಟಿ ಹತ್ತಿ ಪುಣೆ, ಅಲ್ಲಿಂದ ಸಾತಾರಾ, ಮೀರಜ್ ಮೇಲೆ ಬೆಳಗಾವಿ, ಹುಬ್ಬಳ್ಳಿ. ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ಹೋಗುವುದು ಹೀಗೆ. ಮೂರು, ಅದೇ ಪುಣೆಯಿಂದ ಸೊಲ್ಲಾಪುರಕ್ಕೆ ಹೋಗಿ ಕಲಬುರಗಿ, ವಾಡಿ, ರಾಯಚೂರು. ಇದು ಉದ್ಯಾನ್ ಎಕ್ಸ್‌ಪ್ರೆಸ್ಸಿನ ದಾರಿ. ಸೊಲ್ಲಾಪುರದ ಪಕ್ಕದ ಹೊಟಗಿಯಲ್ಲಿ ಈ ಮೂರನೆಯ ದಾರಿಗೆ ಒಂದು ಕವಲು ಒಡೆದು ವಿಜಯಪುರ, ಬಾಗಲಕೋಟೆ, ಗದಗಕ್ಕೆ ಇಳಿಯುತ್ತದೆ.

ಈ ನಕ್ಷೆ ಕಣ್ಣ ಮುಂದೆ ಬಂದ ಕೂಡಲೇ ಓದುಗ ಹೊತ್ತು ತರುವ ಮೊದಲ ಪ್ರಶ್ನೆ ರೈಲಿನ ಹೆಸರಿನದ್ದಲ್ಲ ಎಂದು ತಿಳಿಯುತ್ತದೆ. "ನಾನಿರುವುದು ಇಲ್ಲಿ, ಹೋಗಬೇಕಾದ್ದು ಅಲ್ಲಿ, ಎಲ್ಲಿ ಹತ್ತಲಿ?" ಎಂಬುದೇ ಅವನ ಪ್ರಶ್ನೆ. ಹಾಗಾಗಿ ಹೆಬ್ಬಾಗಿಲಿನ ತಲೆಬರಹ ನಮಗೆ ಹೀಗೆ ಬಂತು: "ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಿಂದ ಕರ್ನಾಟಕಕ್ಕೆ ರೈಲು: ಯಾವ ಊರಿಗೆ ಎಲ್ಲಿ ಹತ್ತಬೇಕು". ಅದರಲ್ಲಿರುವುದು ಆ ಮೂರು ದಾರಿಗಳ ಮೂರು ಪ್ಯಾರಾ, ಒಂದು ಸಣ್ಣ ನಕ್ಷೆ, ಊರುಗಳ ಪಟ್ಟಿ, ಪ್ರತಿ ಊರಿನ ಎದುರು ಅದರ ಒಳಪುಟದ ಲಿಂಕು. ಎರಡು ನಿಮಿಷದಲ್ಲಿ ಓದಿ ಮುಗಿಯುತ್ತದೆ.

ಒಳಪುಟಗಳ ತಲೆಬರಹಕ್ಕೆ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ತಲೆಬರಹ ಬರೆದ ತಕ್ಷಣ ಅದರ ಉತ್ತರವನ್ನು ಎರಡು ವಾಕ್ಯದಲ್ಲಿ ಕೆಳಗೆ ಬರೆಯಿರಿ. ಎರಡು ತಲೆಬರಹಗಳ ಕೆಳಗೆ ಒಂದೇ ಉತ್ತರ ಬಂದರೆ ಅವು ಒಂದೇ ಪುಟ. ಎರಡು ವಾಕ್ಯದಾಚೆ ಹೇಳಲು ಏನೂ ಉಳಿಯದಿದ್ದರೆ ಅದು ಪುಟವೇ ಅಲ್ಲ, ಹೆಬ್ಬಾಗಿಲಿನಲ್ಲಿ ಒಂದು ಸಾಲಾಗಿ ಇರಲಿ.

ಕರಾವಳಿಯ ಎಳೆಯನ್ನೇ ನೋಡಿ. ನಮ್ಮ ಗೆಳೆಯರು ಮೊದಲು ಕೊಟ್ಟ ಪಟ್ಟಿಯಲ್ಲಿ ಮತ್ಸ್ಯಗಂಧ, ನೇತ್ರಾವತಿ, ಮಂಗಳೂರು ಸೂಪರ್‌ಫಾಸ್ಟ್‌ಗೆ ಒಂದೊಂದು ಪುಟ, ಉಡುಪಿ, ಕುಂದಾಪುರ, ಭಟ್ಕಳಕ್ಕೆ ಇನ್ನೊಂದೊಂದು ಪುಟ. ಒಟ್ಟು ಆರು. ಆರರ ಕೆಳಗೂ ಉತ್ತರ ಬರೆದಾಗ ಐದರಲ್ಲಿ "ಠಾಣೆ ಅಥವಾ ಪನ್ವೇಲ್‌ನಲ್ಲಿ ಹತ್ತಿ" ಎಂಬ ಮಾತೇ ಬಂತು. ಆದರೆ ಆ "ಅಥವಾ" ಎಂಬ ಪದದೊಳಗೆ ಒಂದು ದೊಡ್ಡ ಪುಟ ಅಡಗಿತ್ತು. ಡೊಂಬಿವಲಿಯವನು ಠಾಣೆಗೆ ಹೋಗುವುದೆಂದರೆ ಮುಂಬಯಿ ಕಡೆಗೆ ವಾಪಸು ಹೋಗುವುದು, ಅಲ್ಲಿ ಹತ್ತಿದ ರೈಲು ಮತ್ತೆ ದಿವಾ ದಾಟಿಯೇ ಪನ್ವೇಲ್‌ಗೆ ಬರುತ್ತದೆ. ದಿವಾದಿಂದ ಪನ್ವೇಲ್‌ಗೆ ಹೋಗುವ ಗಾಡಿಗಳಿವೆ, ಆದರೆ ಕೈಬೆರಳಲ್ಲಿ ಎಣಿಸುವಷ್ಟು. ರಸ್ತೆಯಲ್ಲಾದರೆ ಶಿಳ್‌ಫಾಟಾ, ತಳೋಜಾ ಮೇಲೆ ಹೋಗಬೇಕು, ಸಂಜೆಯ ಟ್ರಾಫಿಕ್ ನಂಬುವಂತಿಲ್ಲ. ಠಾಣೆಗೆ ಲೋಕಲ್ ಸುಲಭ, ಆದರೆ ಅಲ್ಲಿ ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು. ಎರಡು ಸೂಟ್‌ಕೇಸ್, ಒಂದು ಮಗು, ವಯಸ್ಸಾದ ಅಮ್ಮ ಜತೆಗಿದ್ದರೆ ಲೆಕ್ಕ ಬೇರೆ. ಐರೋಲಿ, ಘನ್ಸೋಲಿಯವರಿಗೆ ಟ್ರಾನ್ಸ್‌ಹಾರ್ಬರ್ ಲೋಕಲ್ಲಿನಲ್ಲಿ ಎರಡು ದಿಕ್ಕೂ ತೆರೆದಿದೆ. ಬೇಲಾಪುರ, ಖಾರ್ಘರ್‌ನವರಿಗೆ ಪನ್ವೇಲ್ ಬಿಟ್ಟು ಬೇರೆ ಯೋಚನೆಯೇ ಬೇಡ. ಇದನ್ನು ಯಾವ ವೇಳಾಪಟ್ಟಿ ತಾಣವೂ ಹೇಳುವುದಿಲ್ಲ, ಇಲ್ಲಿ ಬದುಕಿದವನೇ ಹೇಳಬೇಕು. ತಲೆಬರಹ: "ಕರಾವಳಿ ರೈಲು: ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯವರು ಠಾಣೆಯಲ್ಲಿ ಹತ್ತಬೇಕೇ, ಪನ್ವೇಲ್‌ನಲ್ಲೇ?"

ಆರರಲ್ಲಿ ಉಳಿದ ಆರನೆಯದರ ಉತ್ತರ ಮಾತ್ರ ಬೇರೆಯೇ ಇತ್ತು. ಮತ್ಸ್ಯಗಂಧ ಹೋಗಿ ನಿಲ್ಲುವುದು ಮಂಗಳೂರು ಸೆಂಟ್ರಲ್‌ನಲ್ಲಿ. ನೇತ್ರಾವತಿ ಕೇರಳಕ್ಕೆ ಹೋಗುವ ಗಾಡಿ, ಅದು ಮಂಗಳೂರು ಜಂಕ್ಷನ್ ಮುಟ್ಟಿ ಮುಂದೆ ಹೋಗುತ್ತದೆ. ಸೂಪರ್‌ಫಾಸ್ಟ್ ಕೂಡ ಜಂಕ್ಷನ್ನಿಗೇ. ಕರೆದೊಯ್ಯಲು ಬಂದ ಅಳಿಯ ಸೆಂಟ್ರಲ್‌ನಲ್ಲಿ, ಮಾವ ಜಂಕ್ಷನ್‌ನಲ್ಲಿ ನಿಂತ ಕತೆಗಳು ಪ್ರತಿ ಮನೆಯಲ್ಲೂ ಇವೆ. "ಮಂಗಳೂರು ಸೆಂಟ್ರಲ್, ಮಂಗಳೂರು ಜಂಕ್ಷನ್: ಯಾವ ರೈಲು ಎಲ್ಲಿಗೆ" ಎಂಬುದು ಹೀಗೆ ತನ್ನದೇ ಪುಟವಾಯಿತು. ಮೂರನೆಯದು ಮಳೆಗಾಲದ್ದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆ ಬೇರೆ ವೇಳಾಪಟ್ಟಿಯಲ್ಲಿ ಓಡುತ್ತದೆ, ಗುಡ್ಡ ಕುಸಿತದ ಭಯಕ್ಕೆ ವೇಗ ಕಡಿಮೆ. ಟಿಕೆಟ್ ತೆಗೆದ ದಿನದ ಸಮಯವನ್ನೇ ನಂಬಿ ಹೊರಟವರಿಗೆ ಇದು ದುಬಾರಿ. ಆರು ಪುಟ ಮೂರಾಯಿತು, ಆದರೆ ಮೂರರಲ್ಲಿ ಮೊದಲ ಆರಕ್ಕಿಂತ ಹೆಚ್ಚು ಸಂಗತಿ ಇದೆ.

ಕಲ್ಯಾಣದ ಕಡೆಗೆ ಇಷ್ಟು ಗೊಂದಲವಿಲ್ಲ, ಆದ್ದರಿಂದ ಪುಟಗಳೂ ನೇರ. "ಕಲ್ಯಾಣದಿಂದ ಬೆಳಗಾವಿ, ಹುಬ್ಬಳ್ಳಿ: ಮೀರಜ್ ದಾರಿಯ ರೈಲುಗಳು" ಒಂದು. "ಕಲ್ಯಾಣದಿಂದ ಕಲಬುರಗಿ, ಯಾದಗಿರಿ, ರಾಯಚೂರು: ಸೊಲ್ಲಾಪುರ ದಾರಿ" ಇನ್ನೊಂದು. "ವಿಜಯಪುರ, ಬಾಗಲಕೋಟೆ: ನೇರ ರೈಲು ಸಿಗದಿದ್ದರೆ ಸೊಲ್ಲಾಪುರದಲ್ಲಿ ಇಳಿದು ಹೋಗುವುದು ಹೇಗೆ" ಮತ್ತೊಂದು. ಉಳಿದೆರಡು ಎಲ್ಲ ದಾರಿಗೂ ಸೇರಿದವು: ಮುಂಗಡ ಟಿಕೆಟ್ ಮತ್ತು ವೇಟಿಂಗ್ ಲಿಸ್ಟ್. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಪ್ರಯಾಣದ ದಿನ ಬಿಟ್ಟು ಎಣಿಸಬೇಕು, ಅಂದರೆ ಸೆಪ್ಟೆಂಬರ್ 12ಕ್ಕೆ ಹೊರಡುವವರಿಗೆ ಜುಲೈ 14ರಂದು ಬಾಗಿಲು ತೆರೆಯುತ್ತದೆ. ಚೌತಿಯ ಹೊತ್ತಿಗೆ ಕೊಂಕಣದ ಮರಾಠಿ ಜನರೂ ಅದೇ ದಾರಿಯ ರೈಲುಗಳಿಗೆ ಮುಗಿಬೀಳುವುದರಿಂದ ಈ ಲೆಕ್ಕ ನಮ್ಮವರಿಗೆ ಮುಖ್ಯ. ವೇಟಿಂಗ್ ಲಿಸ್ಟ್ ಪುಟದ ತಲೆಬರಹದಲ್ಲಿ ಟಿಕೆಟ್ ಮೇಲೆ ಕಾಣುವ GNWL, PQWL, RLWL ಅಕ್ಷರಗಳನ್ನೇ ಹಾಗೇ ಇಟ್ಟೆವು. ಜನ ಹುಡುಕುವುದು ಅದನ್ನೇ ನೋಡಿ.

ಹೆಬ್ಬಾಗಿಲು ಒಂದು, ಒಳಪುಟ ಎಂಟು. ಸಣ್ಣ ತಾಣಕ್ಕೆ ಒಂಬತ್ತು ಸಾಕು ಎನ್ನುವುದಕ್ಕೆ ಕಾರಣ ಸೋಮಾರಿತನವಲ್ಲ. ರೈಲಿನ ವಿಷಯದಲ್ಲಿ ಸಮಯ, ನಂಬರು, ನಿಲುಗಡೆ ಎಲ್ಲವೂ ಬದಲಾಗುತ್ತವೆ. ಒಂದು ಸಮಯ ಇಪ್ಪತ್ತು ಪುಟದಲ್ಲಿದ್ದರೆ ಇಪ್ಪತ್ತು ಕಡೆ ತಿದ್ದಬೇಕು, ಸಂಜೆ ಏಳೂವರೆಗೆ ಆಫೀಸಿನಿಂದ ಬಂದವನು ಅದನ್ನು ಮಾಡುವುದಿಲ್ಲ. ನಾವು ಹಾಕಿಕೊಂಡ ನಿಯಮ: ಬದಲಾಗುವ ಪ್ರತಿ ಸಂಗತಿಗೂ ಒಂದೇ ಮನೆ. ಮಳೆಗಾಲದ ದಿನಾಂಕ ಮಳೆಗಾಲದ ಪುಟದಲ್ಲಿ ಮಾತ್ರ, 60 ದಿನದ ನಿಯಮ ಬುಕಿಂಗ್ ಪುಟದಲ್ಲಿ ಮಾತ್ರ. ಬೇರೆ ಪುಟಗಳು ಅಲ್ಲಿಗೆ ಕಳಿಸುತ್ತವೆ. ನಿಮಿಷ ನಿಮಿಷದ ವೇಳಾಪಟ್ಟಿ ಕೊಡುವ ಕೆಲಸಕ್ಕೆ ಕೈ ಹಾಕಲೇ ಇಲ್ಲ. ಅದು ರೈಲ್ವೆಯದ್ದೇ ತಾಣದಲ್ಲಿದೆ, ಆ ಪೈಪೋಟಿಯಲ್ಲಿ ಸಣ್ಣ ತಾಣ ಗೆಲ್ಲುವುದೂ ಇಲ್ಲ. ಪ್ರತಿ ಪುಟದ ಮೇಲ್ಗಡೆ ಕೊನೆಯದಾಗಿ ಸರಿನೋಡಿದ ದಿನಾಂಕವಿದೆ.

ಲಿಂಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬಾಗಿಲಿನಿಂದ ಎಲ್ಲ ಒಳಪುಟಕ್ಕೂ, ಪ್ರತಿ ಒಳಪುಟದ ಮೊದಲ ಪ್ಯಾರಾದಿಂದ ಹೆಬ್ಬಾಗಿಲಿಗೂ ಲಿಂಕು ಇರಬೇಕು. ಒಳಪುಟದಿಂದ ಒಳಪುಟಕ್ಕೆ ಬೇಕಾದಾಗ ಮಾತ್ರ: ಠಾಣೆ–ಪನ್ವೇಲ್ ಪುಟ ಓದಿದವನಿಗೆ ಮಳೆಗಾಲದ ಪುಟ ಬೇಕು, ವಿಜಯಪುರದ ಪುಟ ಬೇಡ. "ಇಲ್ಲಿ ಕ್ಲಿಕ್ ಮಾಡಿ" ಎಂಬ ಪದಗಳಿಗೆ ಲಿಂಕು ಹಚ್ಚಬೇಡಿ, ಆಚೆ ಕಡೆ ಏನಿದೆ ಎಂದು ಓದುಗನಿಗೂ ಗೊತ್ತಾಗುವುದಿಲ್ಲ, ಗೂಗಲ್‌ಗೂ ಗೊತ್ತಾಗುವುದಿಲ್ಲ.

ಕನ್ನಡದ ತಾಣಕ್ಕೆ ಮಾತ್ರ ಇರುವ ಎರಡು ತೊಡಕುಗಳನ್ನು ಹೇಳಲೇಬೇಕು. ಮೊದಲನೆಯದು ವಿಳಾಸ. ಪುಟದ ವಿಳಾಸವನ್ನು ಕನ್ನಡ ಅಕ್ಷರದಲ್ಲಿಟ್ಟರೆ ಬ್ರೌಸರ್‌ನಲ್ಲಿ ಚೆಂದ ಕಾಣುತ್ತದೆ, ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಬಹಳ ಸಲ ಶೇಕಡಾ ಚಿಹ್ನೆಗಳ ಸಾಲಾಗುತ್ತದೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್, ಪ್ರತಿ ಬೈಟಿಗೆ ಮೂರು ಗುರುತು. "ರೈಲು" ಎಂಬ ಪದದಲ್ಲಿ ಎರಡು ವ್ಯಂಜನ, ಎರಡು ಸ್ವರಚಿಹ್ನೆ, ಹಾಗಾಗಿ ಅದೊಂದೇ ಪದ 36 ಗುರುತುಗಳಾಗಿ ಉದ್ದವಾಗುತ್ತದೆ. ನಮ್ಮ ಓದುಗರು ಬರುವುದೇ ವಾಟ್ಸ್ಆ್ಯಪ್‌ನಿಂದ. ಆ ಸಾಲನ್ನು ನೋಡಿ ಯಾವುದೋ ಮೋಸದ ಲಿಂಕು ಎಂದು ಹಿರಿಯರು ಮುಟ್ಟುವುದೇ ಇಲ್ಲ. ತಲೆಬರಹ ಕನ್ನಡದಲ್ಲಿರಲಿ, ವಿಳಾಸ ಮಾತ್ರ ರೋಮನ್ ಅಕ್ಷರದಲ್ಲಿ ಚಿಕ್ಕದಾಗಿರಲಿ. ಎರಡನೆಯದು ಹೆಸರು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಇಲ್ಲಿರುವವರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಹಳೆಯ ಹೆಸರಿಗೆ ಬೇರೆ ಪುಟ ಬೇಡ, ಅದೇ ಪುಟದ ಮೊದಲ ಪ್ಯಾರಾದಲ್ಲಿ ಒಮ್ಮೆ ಬಂದರೆ ಸಾಕು. ತಲೆಬರಹದಲ್ಲಿ ಊರಿನ ಹೆಸರು ಮುಂದೆಯೇ ಬರಲಿ, ಮೊಬೈಲಿನಲ್ಲಿ ಕೊನೆಯ ಪದಗಳು ಕತ್ತರಿಸಿ ಹೋಗುತ್ತವೆ.

ಇನ್ನು ಹಳೆಯ ಇಪ್ಪತ್ತು ಬರಹಗಳ ಕತೆ. ಎರಡು ಪುಟ ಒಂದನ್ನೊಂದು ತಿನ್ನುತ್ತಿವೆಯೇ ಎಂದು ತಿಳಿಯುವುದು ಸುಲಭ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ Performance ತೆರೆದು, Query ಜಾಗದಲ್ಲಿ ಒಂದು ಹುಡುಕಾಟವನ್ನು, ಉದಾಹರಣೆಗೆ udupi train ಎಂದು ಕೊಟ್ಟು, Pages ಒತ್ತಿ. ಆ ಒಂದೇ ಹುಡುಕಾಟಕ್ಕೆ ನಿಮ್ಮ ಮೂರ್ನಾಲ್ಕು ಪುಟಗಳು ಸರದಿ ಪ್ರಕಾರ ಕಾಣಿಸಿಕೊಳ್ಳುತ್ತಿದ್ದರೆ, ಯಾವುದೂ ಮೇಲೇರದಿದ್ದರೆ, ಅನುಮಾನ ಸರಿ. ಆದರೆ ಎರಡು ಪುಟ ಕಂಡ ಮಾತ್ರಕ್ಕೆ ಕತ್ತರಿ ಹಿಡಿಯಬೇಡಿ. ಎರಡರ ಉತ್ತರ ಬೇರೆಯಾಗಿದ್ದರೆ ಅವು ಇರಲಿ. ಉತ್ತರ ಒಂದೇ ಆಗಿದ್ದರೆ ಒಳ್ಳೆಯ ಸಾಲುಗಳನ್ನೆಲ್ಲ ಒಂದು ಪುಟಕ್ಕೆ ತಂದು, ಉಳಿದ ವಿಳಾಸಗಳನ್ನು ಅದಕ್ಕೆ ಶಾಶ್ವತವಾಗಿ ತಿರುಗಿಸಬೇಕು. ಅಪಾಚಿ ಸರ್ವರಿನಲ್ಲಾದರೆ .htaccess ಕಡತದಲ್ಲಿ ಹೀಗೆ ಒಂದು ಸಾಲು:

```
Redirect 301 /matsyagandha-mahiti /karavali-thane-panvel
```

ಹಳೆಯ ಪುಟವನ್ನು ಸುಮ್ಮನೆ ಅಳಿಸಿದರೆ ಯಾವುದೋ ಗುಂಪಿನಲ್ಲಿ ಮೂರು ವರ್ಷದ ಹಿಂದೆ ಹಂಚಿದ ಲಿಂಕು ಒತ್ತಿದವನಿಗೆ ಖಾಲಿ ಪುಟ ಸಿಗುತ್ತದೆ. ಇನ್ನೊಂದು ಎಚ್ಚರ: ಹಳೆಯದನ್ನೆಲ್ಲ ಮುಖಪುಟಕ್ಕೆ ತಿರುಗಿಸಬೇಡಿ, ಹತ್ತಿರದ ಒಳಪುಟಕ್ಕೇ ತಿರುಗಿಸಿ.

"ಊರಿಗೆ ಹೋಗೋಣ ಬನ್ನಿ" ಎಂಬ ಬರಹವನ್ನು ಮಾತ್ರ ನಾವು ಮುಟ್ಟಲಿಲ್ಲ. ಪನ್ವೇಲ್ ಸ್ಟೇಷನ್ನಿನ ವಡಾಪಾವ್, ರತ್ನಗಿರಿಯ ರಾತ್ರಿ, ಬೆಳಿಗ್ಗೆ ಕಾರವಾರದ ಕಾಳಿ ಸೇತುವೆ ದಾಟುವಾಗ ಬರುವ ಗಾಳಿಯ ಬಗ್ಗೆ ಒಬ್ಬರು ಪ್ರೀತಿಯಿಂದ ಬರೆದದ್ದು. ಅದರಲ್ಲಿದ್ದ ರೈಲಿನ ಸಮಯಗಳನ್ನು ತೆಗೆದೆವು, ಹೆಬ್ಬಾಗಿಲಿಗೆ ಒಂದು ಲಿಂಕು ಹಾಕಿದೆವು, ಕ್ಲಸ್ಟರಿನ ಹೊರಗೇ ಬಿಟ್ಟೆವು. ಎಲ್ಲವೂ ಯಾವುದೋ ಒಂದು ಪ್ರಶ್ನೆಗೆ ಉತ್ತರವಾಗಬೇಕಿಲ್ಲ. ಯಕ್ಷಗಾನದ ವರದಿಗಳನ್ನೂ ರೈಲಿನ ಹೆಬ್ಬಾಗಿಲಿಗೆ ಕಟ್ಟುವ ಸಲಹೆ ಬಂದಿತ್ತು, ಜಾಸ್ತಿ ಲಿಂಕು ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ. ಬೇಡ ಎಂದೆ. ರೈಲು ಕೇಳಿ ಬಂದವನಿಗೆ ಚೆಂಡೆ ಕೇಳಿಸಿದರೆ ಅವನು ಹಿಂದಕ್ಕೆ ಹೋಗುತ್ತಾನೆ.

ಈಗ ನಮ್ಮ ನಡುವಿನ ಜಗಳ ಬಸ್ಸಿನದ್ದು. ಹುಬ್ಬಳ್ಳಿ, ಬೆಳಗಾವಿಯವರು ರೈಲಿಗಿಂತ ಬಸ್ಸನ್ನೇ ಹೆಚ್ಚು ನಂಬುತ್ತಾರೆ, ಬಸ್ಸನ್ನೂ ಇದೇ ಹೆಬ್ಬಾಗಿಲಿಗೆ ಸೇರಿಸಿ ತಲೆಬರಹವನ್ನು "ಕರ್ನಾಟಕಕ್ಕೆ ಪ್ರಯಾಣ" ಎಂದು ಹಿಗ್ಗಿಸಿ ಎನ್ನುತ್ತಾರೆ. ನಾನು ಒಪ್ಪಿಲ್ಲ. ಬಸ್ಸಿಗೆ ಹತ್ತುವ ಜಾಗಗಳೇ ಬೇರೆ: ವಾಶಿ, ಕಳಂಬೋಲಿ. ದಾರಿ ಹೆದ್ದಾರಿಯದ್ದು, ಟಿಕೆಟ್ಟಿನ ನಿಯಮ ಬೇರೆ. ಎರಡು ವಾಕ್ಯದ ಉತ್ತರ ಬರೆಯುವಂತೆ ಅವರಿಗೇ ಹೇಳಿದ್ದೇನೆ. ಐದು ತಲೆಬರಹ ಬಂದಿವೆ, ಅದರಲ್ಲಿ ಎರಡಕ್ಕೆ ಒಂದೇ ಉತ್ತರ. ಉಳಿಯುವ ನಾಲ್ಕಕ್ಕೆ ಬೇರೆಯೇ ಒಂದು ಹೆಬ್ಬಾಗಿಲು ಕಟ್ಟಬಹುದು, ಬರೆಯುವವರು ಸಿಕ್ಕರೆ.